ಬನ್ನಿ, ಬರ್ರಿ, ಬಲೆ, ಯಾ: ಎರಡೂವರೆ ನಿಮಿಷದ ಒಂದು ಸ್ವಾಗತ ಭಾಷಣ

ನವೆಂಬರ್ ಹತ್ತಿರ ಬಂದರೆ ನಾಶಿಕದಲ್ಲಿ ನನಗೊಂದು ಕೆಲಸ ಕಾದಿರುತ್ತದೆ. ಯಾರಾದರೊಬ್ಬರು ಫೋನ್ ಮಾಡಿ, "ಸರ್, ಸ್ವಾಗತ ಭಾಷಣ ಬರೆದುಕೊಡಿ, ಚಿಕ್ಕದು ಸಾಕು" ಅನ್ನುತ್ತಾರೆ. ಈ ಸಲ ಕೇಳಿದವಳು ನನ್ನ ಅಣ್ಣನ ಮಗಳು. ನಮ್ಮ ಮೂಲ ವಿಜಯಪುರದ ಕಡೆ. ಅಣ್ಣ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡಿ ಈಗಿನ ಛತ್ರಪತಿ ಸಂಭಾಜಿನಗರದಲ್ಲೇ ನೆಲೆ ನಿಂತ. ಅವಳು ಅಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಈಗ ಗಂಡನ ಜೊತೆ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಅಲ್ಲಿನ ಕನ್ನಡ ಕುಟುಂಬಗಳು ರಾಜ್ಯೋತ್ಸವಕ್ಕೆ ಸೇರುತ್ತವಂತೆ, ಸ್ವಾಗತ ಇವಳ ಪಾಲಿಗೆ ಬಂದಿದೆ.

"ಕಾಕಾ, ಎರಡ್ ಮೂರು ನಿಮಿಷದ್ದು ಸಾಕ್ರಿ. ಆದ್ರ ಕನ್ನಡ ಅಕ್ಷರದಾಗ ಬರೀಬ್ಯಾಡ್ರಿ."

"ಯಾಕವ್ವಾ?"

"ಮಾತಾಡಾಕ ಬರತೈತಿ, ಓದಾಕ ಬರಂಗಿಲ್ಲಲ್ರಿ. ಮರಾಠಿ ಅಕ್ಷರದಾಗ ಬರದು ಕಳಿಸ್ರಿ."

ಈ ಮಾತು ಕೇಳಿ ಮಹಾರಾಷ್ಟ್ರದ ಕನ್ನಡ ಮನೆಗಳವರು ಯಾರೂ ಬೆರಗಾಗುವುದಿಲ್ಲ. ನಮ್ಮಲ್ಲಿ ಕನ್ನಡ ಕಿವಿ ಮತ್ತು ನಾಲಿಗೆಯಲ್ಲಿ ಉಳಿದಿದೆ, ಕಣ್ಣಿಗೆ ಅಷ್ಟಾಗಿ ಇಳಿದಿಲ್ಲ. ಹೊರದೇಶದ ಸಭೆಯಲ್ಲಂತೂ ಹೇಳುವವರು, ಕೇಳುವವರು ಇಬ್ಬರೂ ಇಂಥವರೇ. ಹಾಗಾಗಿ ಈ ತಿಂಗಳ ಅಂಕಣದಲ್ಲಿ ಆ ಒಂದು ಭಾಷಣ ಹೇಗೆ ತಯಾರಾಯಿತು ಎಂದು ಹೇಳುತ್ತೇನೆ. ಭಾಷಣವನ್ನೂ ಇಲ್ಲೇ ಕೊಡುತ್ತೇನೆ. ಬೇಕಾದವರು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಮೊದಲನೆಯದು ಅಳತೆ. ವೇದಿಕೆಯ ಮೇಲೆ ನಿಂತು, ಹಿಂದಿನ ಸಾಲಿಗೂ ಕೇಳುವಂತೆ ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ಕನ್ನಡದ ತೊಂಬತ್ತು ಪದಗಳಿಗಿಂತ ಹೆಚ್ಚು ಸಾಗುವುದಿಲ್ಲ. ಗಡಿಯಾರ ಇಟ್ಟುಕೊಂಡು ನೋಡಿದ ಲೆಕ್ಕ ಇದು. ನಮ್ಮ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡು ಬರುವುದರಿಂದ ಒಂದೊಂದೂ ಉದ್ದ. ಎರಡೂವರೆ ನಿಮಿಷ ಅಂದರೆ ಇನ್ನೂರ ಇಪ್ಪತ್ತೈದು ಪದ. ಅತಿಥಿಗಳ ಹೆಸರಿಗೆ, ನಗುವಿಗೆ, ಚಪ್ಪಾಳೆಗೆ ಇದರಲ್ಲೇ ಜಾಗ ಬಿಡಬೇಕು. ಹಾಗಾಗಿ ಬರೆಯುವುದು ಇನ್ನೂರರ ಒಳಗೇ ಇರಬೇಕು.

ಇಷ್ಟು ಸಣ್ಣ ಜಾಗ ಸಾಲದೆ ಹೋಗುವುದಕ್ಕೆ ಒಂದೇ ಕಾರಣ. ಸ್ವಾಗತಕ್ಕೆ ನಿಂತವರು ಪ್ರಾಸ್ತಾವಿಕದ ಕೆಲಸಕ್ಕೂ ಕೈ ಹಾಕುತ್ತಾರೆ. ಸಂಘ ಯಾವಾಗ ಹುಟ್ಟಿತು, ಏನೇನು ಮಾಡಿತು ಎಂಬುದು ಪ್ರಾಸ್ತಾವಿಕದಲ್ಲಿ ಬರಬೇಕು. ಅಡುಗೆ ಮಾಡಿದವರು, ಹಾಲ್ ಕೊಡಿಸಿದವರು ವಂದನಾರ್ಪಣೆಗೆ ಸೇರಿದವರು. ಇವೆಲ್ಲ ಸ್ವಾಗತದಲ್ಲೇ ಮುಗಿದುಹೋದರೆ ಮುಂದೆ ಬರುವ ಇಬ್ಬರೂ ಅದನ್ನೇ ಮತ್ತೆ ಹೇಳುತ್ತಾರೆ, ಸಭೆ ಮೂರು ಸಲ ಒಂದೇ ಮಾತು ಕೇಳುತ್ತದೆ. ಸ್ವಾಗತದ ಪಾಲಿಗೆ ಇರುವುದು ಒಂದೇ ಕೆಲಸ: ಬಂದವರಲ್ಲಿ ಯಾರೂ "ಇದು ನನಗಲ್ಲ" ಅಂದುಕೊಳ್ಳದ ಹಾಗೆ ಕರೆದು ಕೂರಿಸುವುದು.

ಆದ್ದರಿಂದ ಎರಡನೆಯ ಪ್ರಶ್ನೆ, ಕೂತವರು ಯಾರು? ಅವಳನ್ನು ಕೇಳಿದೆ. ಬೆಂಗಳೂರು, ಮೈಸೂರಿನವರು ಹೆಚ್ಚು. ಧಾರವಾಡ, ವಿಜಯಪುರ, ಬೀದರ್ ಕಡೆಯವರು ಕೆಲವರು. ಮಂಗಳೂರು, ಉಡುಪಿಯವರ ಮನೆಮಾತು ತುಳು ಅಥವಾ ಕೊಂಕಣಿ. ಇವಳ ಹಾಗೆ ಮಹಾರಾಷ್ಟ್ರದಲ್ಲಿ ಬೆಳೆದವರ ಎರಡು ಮನೆಗಳು. ಇಬ್ಬರು ಮೂವರ ಸಂಗಾತಿಗಳಿಗೆ ಕನ್ನಡ ಬರುವುದಿಲ್ಲ. ಇನ್ನು ಮಕ್ಕಳು, ಅವರಿಗೆ ಶಾಲೆಯಲ್ಲಿ ಜರ್ಮನ್, ಮನೆಯಲ್ಲಿ ಅರ್ಧ ಕನ್ನಡ.

ಇಂಥ ಸಭೆಯಲ್ಲಿ "ಕರ್ನಾಟಕದಿಂದ ಬಂದಿರುವ ನಾವೆಲ್ಲರೂ" ಎಂದು ಶುರು ಮಾಡಿದರೆ ಹೇಳುತ್ತಿರುವವಳೇ ಹೊರಗುಳಿಯುತ್ತಾಳೆ. ಅವಳು ಕರ್ನಾಟಕದಿಂದ ಬಂದವಳಲ್ಲ. "ಮಾತೃಭಾಷೆ ಕನ್ನಡವಾಗಿರುವ" ಅಂದರೆ ತುಳುವಿನವರು, ಕೊಂಕಣಿಯವರು ಹೊರಗೆ. ಮನೆಯಲ್ಲಿ ಮರಾಠಿ ಆಡುತ್ತಿದ್ದ, ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದ ದ.ರಾ. ಬೇಂದ್ರೆಯವರೂ ಹೊರಗೇ! ನಾನು ಆರಿಸಿಕೊಂಡದ್ದು "ಕನ್ನಡ ಕೇಳಿ ಬಂದವರು" ಎಂಬ ಮಾತು. ಕನ್ನಡ ಬಾರದ ಸಂಗಾತಿಯೂ ಮನೆಯಲ್ಲಿ ಅದನ್ನು ಕೇಳಿಯೇ ಇರುತ್ತಾರೆ.

ಕರೆಯುವ ಮಾತನ್ನೂ ಹಾಗೆಯೇ ಹುಡುಕಿದೆ. "ಸುಸ್ವಾಗತ" ಎಂದು ಬ್ಯಾನರಿನಲ್ಲಿ ಬರೆಯುತ್ತೇವೆ. ಸ್ವಾಗತ ಎಂಬುದರಲ್ಲೇ "ಸು" ಸೇರಿದೆ, ಸು ಮತ್ತು ಆಗತ ಕೂಡಿ ಸ್ವಾಗತ. ಬ್ಯಾನರಿಗೆ ಅದು ಇರಲಿ, ಬಾಯಿಗೆ ಮನೆಯ ಮಾತು ಬೇಕು. ದಕ್ಷಿಣದವರು "ಬನ್ನಿ" ಅನ್ನುತ್ತಾರೆ, ನಮ್ಮ ಕಡೆ "ಬರ್ರಿ". ತುಳುವಿನಲ್ಲಿ "ಬಲೆ", ಆದರೆ ಇದು ತುಳು ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮೀನಿನ ಬಲೆ ನೆನಪಾದೀತು. ಮರಾಠಿಯಲ್ಲಿ "ಯಾ". ಇಲ್ಲಿ ಒಂದು ಲಾಭ ತಾನಾಗಿ ಒದಗಿತು. ಜರ್ಮನ್ನಿನಲ್ಲಿ "ಯಾ" ಅಂದರೆ ಹೌದು. ಮಕ್ಕಳು ಕಿವಿ ನೆಟ್ಟಗೆ ಮಾಡುವುದು ಇಲ್ಲೇ ಎಂದು ಲೆಕ್ಕ ಹಾಕಿದೆ.

ಮೂರನೆಯದು ಇತಿಹಾಸದ ಒಂದು ಮಾತು. ಒಂದೇ ಮಾತು, ಏಕೆಂದರೆ ಇನ್ನೂರು ಪದಗಳಲ್ಲಿ ಎರಡಕ್ಕೆ ಜಾಗವಿಲ್ಲ. ಅಣ್ಣನಿಗೆ ಎಲ್ಲೋರಾ ಬರಬೇಕು ಎಂದು ಆಸೆ. ಅವನ ಮನೆಯಿಂದ ಅರ್ಧ ದಿನದಲ್ಲಿ ಹೋಗಿಬರುವ ಜಾಗ. ಅಲ್ಲಿನ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನದ್ದು, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಮಾಡಿದ್ದು. ಇಷ್ಟು ಹೇಳಿದರೆ ತಪ್ಪಿಲ್ಲ. ಆದರೆ ವೇದಿಕೆ ಹತ್ತಿದವರು ಅಲ್ಲಿಗೆ ನಿಲ್ಲಿಸದೆ "ಎಲ್ಲೋರಾ ಕಟ್ಟಿದವರು ಕನ್ನಡಿಗರು" ಅಂದುಬಿಡುತ್ತಾರೆ. ಅಲ್ಲಿ ಬೌದ್ಧ, ಹಿಂದೂ, ಜೈನ ಗುಹೆಗಳಿವೆ, ಎಷ್ಟೋ ಗುಹೆಗಳು ರಾಷ್ಟ್ರಕೂಟರಿಗಿಂತ ಹಿಂದಿನವು. ತಿಳಿದವರು ಒಬ್ಬರು ಕೂತಿದ್ದರೂ ಮಾತು ಬಿದ್ದುಹೋಗುತ್ತದೆ. ಸರಿಯಾಗಿ ಹೇಳಬೇಕಾದರೆ ನಾಲ್ಕು ವಾಕ್ಯ ಬೇಕು. ಅದು ಪ್ರಾಸ್ತಾವಿಕಕ್ಕೆ ಹೋಗಲಿ ಎಂದು ಬಿಟ್ಟೆ.

ಅಣ್ಣನ ಇನ್ನೊಂದು ಸಲಹೆ ಕನ್ನಡ್ ತಾಲ್ಲೂಕು. ಸಂಭಾಜಿನಗರ ಜಿಲ್ಲೆಯಲ್ಲಿ ಈ ಹೆಸರಿನ ಊರಿದೆ. ಮರಾಠಿಯಲ್ಲಿ ಆ ಊರಿನ ಹೆಸರನ್ನೂ ನಮ್ಮ ಭಾಷೆಯ ಹೆಸರನ್ನೂ ಬರೆಯುವುದು ಒಂದೇ ರೀತಿ. ಬಸ್ಸಿನ ಫಲಕ ನೋಡಿ ಹೊಸಬರು ನಕ್ಕದ್ದುಂಟು. ನಗುವುದಕ್ಕೆ ಸರಿ. ಹೆಸರು ಒಂದೇ ಎಂದ ಮಾತ್ರಕ್ಕೆ ಊರಿಗೆ ನಮ್ಮಿಂದಲೇ ಹೆಸರು ಬಂತು ಎಂದು ಮೈಕಿನಲ್ಲಿ ಸಾರಲು ಆಧಾರ ಬೇಕು. ಅದನ್ನೂ ಬಿಟ್ಟೆ.

ಉಳಿದದ್ದು ಗೋದಾವರಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಹರವು ಹೇಳುವಾಗ ಒಂದು ತುದಿಗೆ ಕಾವೇರಿಯನ್ನೂ ಇನ್ನೊಂದು ತುದಿಗೆ ಗೋದಾವರಿಯನ್ನೂ ಇಡುತ್ತದೆ. ಪ್ರಪಂಚದ ಎಲ್ಲ ಕನ್ನಡ ಸಭೆಗಳಲ್ಲೂ ಈ ಮಾತು ಬರುತ್ತದೆ. ಆದರೆ ಹೇಳುವವರಲ್ಲಿ ಬಹಳ ಮಂದಿ ಗೋದಾವರಿಯ ನೀರು ಮುಟ್ಟಿದವರಲ್ಲ. ಇವಳು ಮುಟ್ಟಿದವಳು. ಗೋದಾವರಿ ಹುಟ್ಟುವುದು ನಾಶಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ನಮ್ಮ ಊರನ್ನು ದಾಟಿ ಅದು ಪೈಠಣಕ್ಕೆ ಹೋಗುತ್ತದೆ. ಅಲ್ಲಿನ ಜಾಯಕವಾಡಿ ಜಲಾಶಯದಿಂದ ಸಂಭಾಜಿನಗರದ ನಲ್ಲಿಗಳಿಗೆ ನೀರು ಬರುತ್ತದೆ. ನಾಶಿಕದ ಅಣೆಕಟ್ಟುಗಳಿಂದ ಕೆಳಗೆ ಎಷ್ಟು ನೀರು ಬಿಡಬೇಕೆಂದು ಮಳೆ ಕಡಿಮೆಯಾದ ವರ್ಷಗಳಲ್ಲಿ ಜಗಳವೂ ನಡೆಯುತ್ತದೆ. ಅಂದರೆ ಗೋದಾವರಿ ಅವಳಿಗೆ ಪುಸ್ತಕದ ನದಿಯಲ್ಲ, ಕುಡಿದು ಬೆಳೆದ ನೀರು. ಸಭೆಯಲ್ಲಿ ಬೇರೆ ಯಾರೂ ಹೇಳಲಾಗದ, ಅವಳೇ ಹೇಳಬಹುದಾದ ಮಾತು ಸಿಕ್ಕಿತು.

ಇದರಲ್ಲೂ ಒಂದು ಎಚ್ಚರ ಬೇಕು. "ಗೋದಾವರಿಯವರೆಗಿನ ನಾಡು ನಮ್ಮದಾಗಿತ್ತು" ಅಂದರೆ ಅದು ಗಡಿಯ ಮಾತಾಗುತ್ತದೆ. ಮರಾಠಿ ಸಂಗಾತಿ ಎದುರಿಗೆ ಕೂತಿರುವ ಸಭೆಗೆ ಅದು ಸ್ವಾಗತವಲ್ಲ. ಹಳೆಯ ಪುಸ್ತಕ ಹಾಗೆ ಹೇಳುತ್ತದೆ, ನಾನು ಆ ನದಿಯ ನೀರು ಕುಡಿದು ಬೆಳೆದೆ, ಇಲ್ಲಿಗೆ ಬಂದೆ. ಇಷ್ಟೇ ಸಾಕು. ಮ್ಯೂನಿಕ್ ನಡುವೆ ಈಸರ್ ನದಿ ಹರಿಯುತ್ತದೆ, ಮಕ್ಕಳಿಗೆ ಗೊತ್ತಿರುವ ನದಿ ಅದೇ. ಕಾವೇರಿ, ಗೋದಾವರಿ, ಈಸರ್ ಎಂದು ಮೂರನ್ನು ಸಾಲಾಗಿ ಇಟ್ಟೆ.

ರಾಜ್ಯೋತ್ಸವದ ತಾರೀಖು ಸೇರಿಸುವವರು ಒಂದನ್ನು ನೋಡಿಕೊಳ್ಳಿ. 1956ರ ನವೆಂಬರ್ 1ರಂದು ಒಂದಾದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎರಡನ್ನೂ ಒಂದೇ ವರ್ಷಕ್ಕೆ ಕಟ್ಟುವ ಭಾಷಣಗಳು ಬಹಳ.

ಇನ್ನು ಅಕ್ಷರದ ವಿಷಯ. ಕನ್ನಡವನ್ನು ಮರಾಠಿಯ ನಾಗರಿ ಅಕ್ಷರಗಳಲ್ಲಿ ಬರೆದರೆ "ಳ" ಉಳಿಯುತ್ತದೆ, ಮರಾಠಿಯಲ್ಲೂ ಅದಿದೆ. ತೊಂದರೆ ಎರಡು ಕಡೆ. ಮರಾಠಿಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಕ್ಷರಗಳಲ್ಲ. "ಕೊಡು" ಎಂದು ಬರೆದರೂ "ಕೋಡು" ಎಂದು ಬರೆದರೂ ಕಾಗದದ ಮೇಲೆ ಒಂದೇ. ಮನೆಯಲ್ಲಿ ದಿನವೂ ಆಡುವ ಪದವಾದರೆ ನಾಲಿಗೆಯೇ ತಿದ್ದಿಕೊಳ್ಳುತ್ತದೆ. ಪುಸ್ತಕದ ಪದವಾದರೆ ಕಣ್ಣು ಕಂಡದ್ದೇ ಬಾಯಿಗೆ ಬರುತ್ತದೆ. ಮೊದಲ ಕರಡಿನ ಕೊನೆಯಲ್ಲಿ "ಮಕ್ಕಳ ಬಾಯಲ್ಲಿ ಕನ್ನಡ ಬೆಳೆಯಲಿ" ಎಂದಿತ್ತು. ಅವಳು ಓದಿ ಕಳಿಸಿದ ಧ್ವನಿಮುದ್ರಣದಲ್ಲಿ ಅದು "ಬೇಳೆಯಲಿ" ಆಗಿ, ಕನ್ನಡ ಸಾರಿನ ಪಾತ್ರೆಗೆ ಬಿದ್ದಿತ್ತು. ಅವಳ ಬಾಯಿಯ ಮಾತಿನಲ್ಲಿ ಬೆಳೆ "ಬೆಳಿ", ಬೇಳೆ "ಬ್ಯಾಳಿ". ಬರಹದ ರೂಪ ಅವಳಿಗೆ ಪರಿಚಯವೇ ಇಲ್ಲ. ಹೀಗಾಗಿ ಹ್ರಸ್ವ ಬರುವ ಕಡೆಯೆಲ್ಲ ಅಡಿಗೆರೆ ಎಳೆದೆ. ಗೆರೆ ಇದ್ದರೆ ಮೊಟಕು, ಇಲ್ಲದಿದ್ದರೆ ಉದ್ದ. ಈ ಒಂದು ನಿಯಮ ಅವಳಿಗೆ ಎರಡನೆಯ ಓದಿಗೇ ಹಿಡಿಯಿತು.

ಇನ್ನೊಂದು ತೊಂದರೆ ಪದದ ಕೊನೆಯ "ಅ". ಮರಾಠಿಯಲ್ಲಿ ಓದುವಾಗ ಅದು ಬಿದ್ದುಹೋಗುತ್ತದೆ. ಸ್ವಾಗತ "ಸ್ವಾಗತ್" ಆಗುತ್ತದೆ, ಕನ್ನಡ "ಕನ್ನಡ್" ಆಗಿ ಆ ತಾಲ್ಲೂಕಿಗೇ ತಲುಪುತ್ತದೆ. ಅಂಥ ಪದಗಳ ಮುಂದೆ ಚಿಕ್ಕದೊಂದು "ಅ" ಬರೆದುಕೊಟ್ಟೆ.

ಧ್ವನಿಮುದ್ರಣ ಇನ್ನೊಂದನ್ನೂ ತೋರಿಸಿತು. ಮೊದಲ ಓದು ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಹಿಡಿಯಿತು. ಅವಳು ಪದದ ನಡುವೆ ಉಸಿರು ತೆಗೆದುಕೊಂಡ ಜಾಗಗಳನ್ನು ಗುರುತು ಹಾಕಿದೆ. "ಸಮಾವೇಶಗೊಂಡಿರುವ", "ಹೃತ್ಪೂರ್ವಕವಾಗಿ", "ಉಪಸ್ಥಿತರಿರುವ". ಮೂರನ್ನೂ ತೆಗೆದು "ಸೇರಿರುವ", "ಮನಸಾರೆ", "ಬಂದಿರುವ" ಎಂದು ಹಾಕಿದೆ. ಎಲ್ಲಿ ಉಸಿರು ಪದದೊಳಗೆ ಬೀಳುತ್ತದೋ ಅಲ್ಲಿ ಪದ ಬದಲಾಯಿಸಬೇಕು, ಓದುವವರನ್ನು ಬೈಯಬಾರದು.

ಅತಿಥಿಗಳ ಹೆಸರಿನ ಸಾಲಿನಲ್ಲಿ ವ್ಯಾಕರಣ ಜಾರುವುದು ಸಾಮಾನ್ಯ. "ಅಧ್ಯಕ್ಷರನ್ನು, ಅತಿಥಿಗಳನ್ನು, ಎಲ್ಲರನ್ನೂ ಹಾರ್ದಿಕ ಸ್ವಾಗತ" ಎಂದು ಮುಗಿಸುತ್ತಾರೆ. "ಅವರನ್ನು" ಎಂದು ಶುರುವಾದರೆ "ಸ್ವಾಗತಿಸುತ್ತೇನೆ" ಎಂದು ಮುಗಿಯಬೇಕು, "ಸ್ವಾಗತ" ಎಂದು ಮುಗಿಸಬೇಕಾದರೆ "ಅವರಿಗೆ" ಬೇಕು. ಒಬ್ಬೊಬ್ಬರಿಗೂ ಒಂದೊಂದು ಗಿಡ್ಡ ವಾಕ್ಯ ಮಾಡಿದರೆ ಈ ಗೊಂದಲವೇ ಬರುವುದಿಲ್ಲ.

ಕೊನೆಗೆ ನಿಂತ ಭಾಷಣ ಇದು:

"ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಯಾರೇ ಬಂದರೂ ಅಜ್ಜಿ 'ಬರ್ರಿ, ಕೂಡ್ರಿ' ಅನ್ನುತ್ತಿದ್ದರು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ 'ಬನ್ನಿ' ಅನ್ನುತ್ತಾರೆ. ತುಳುವಿನಲ್ಲಿ 'ಬಲೆ' ಅನ್ನುತ್ತಾರೆ. ನಾನು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ 'ಯಾ' ಅನ್ನುತ್ತಾರೆ. ಮಕ್ಕಳೇ, ನಿಮ್ಮ ಶಾಲೆಯಲ್ಲಿ ಯಾ ಅಂದರೆ ಏನು? ಹೌದು! ನಮ್ಮ ಮರಾಠಿಯಲ್ಲಿ ಯಾ ಅಂದರೆ ಬನ್ನಿ. ಇವತ್ತು ಎಲ್ಲ ಮಾತಿನಲ್ಲೂ ಕರೆಯುತ್ತೇನೆ. ಬನ್ನಿ, ಬರ್ರಿ, ಬಲೆ, ಯಾ!

ಸಾವಿರದ ನೂರು ವರ್ಷಕ್ಕೂ ಹಳೆಯದಾದ ಒಂದು ಕನ್ನಡ ಪುಸ್ತಕವಿದೆ, ಕವಿರಾಜಮಾರ್ಗ. ಅದು ಕನ್ನಡದ ಒಂದು ತುದಿಗೆ ಕಾವೇರಿ ಇದೆ, ಇನ್ನೊಂದು ತುದಿಗೆ ಗೋದಾವರಿ ಇದೆ ಎನ್ನುತ್ತದೆ. ನಿಮ್ಮಲ್ಲಿ ಬಹಳ ಜನ ಕಾವೇರಿ ನೀರು ಕುಡಿದವರು. ನಾನು ಗೋದಾವರಿ ನೀರು ಕುಡಿದು ಬೆಳೆದವಳು. ನನ್ನ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಮನೆಯಲ್ಲಿ ಕೇಳಿ ಕೇಳಿ ಕಲಿತೆ. ಈ ಹಾಲಿನಲ್ಲಿರುವ ಮಕ್ಕಳು ಈಸರ್ ನದಿಯ ಊರಿನಲ್ಲಿ ಹಾಗೆಯೇ ಕಲಿಯುತ್ತಿದ್ದಾರೆ.

ಚೆನ್ನಾಗಿ ಕನ್ನಡ ಆಡುವವರಿಗೆ ಸ್ವಾಗತ. ಸ್ವಲ್ಪ ಆಡುವವರಿಗೂ ಸ್ವಾಗತ. ಆಡದಿದ್ದರೂ ಮನೆಯಲ್ಲಿ ದಿನವೂ ಕೇಳುವವರಿಗೂ ಸ್ವಾಗತ.

ಇವತ್ತಿನ ಅತಿಥಿಗಳು ನಮ್ಮ ನಡುವೆ ಬಂದಿದ್ದಾರೆ. ಅವರಿಗೆ ಮನಸಾರೆ ಸ್ವಾಗತ. ನಮ್ಮ ಅಧ್ಯಕ್ಷರಿಗೆ ಸ್ವಾಗತ. ಊರಿನಿಂದ ಬಂದಿರುವ ಅಜ್ಜ, ಅಜ್ಜಿಯರಿಗೆ ವಿಶೇಷ ಸ್ವಾಗತ. ನೀವು ಮುಂದಿನ ಸಾಲಿಗೆ ಬನ್ನಿ.

ಈಗ ಮಕ್ಕಳಿಗೆ ಒಂದು ಕೆಲಸ. ನಾನು 'ಬನ್ನಿ' ಅಂದರೆ ನೀವು 'ಬಂದೆವು' ಅನ್ನಬೇಕು. ಬನ್ನಿ!

ಬಂದಿರಿ. ಇನ್ನು ಕಾರ್ಯಕ್ರಮ ಶುರು ಮಾಡೋಣ. ಮಕ್ಕಳ ಬಾಯಲ್ಲಿ ಕನ್ನಡ ಬೆಳೆಯಲಿ. ನಮಸ್ಕಾರ."

ಅತಿಥಿಗಳ, ಅಧ್ಯಕ್ಷರ ಹೆಸರುಗಳನ್ನು ಆಯಾ ಜಾಗದಲ್ಲಿ ಸೇರಿಸಬೇಕು. ಹೆಸರನ್ನು ಹಿಂದಿನ ದಿನವೇ ಅವರ ಬಾಯಿಂದಲೇ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಕಾಗದದ ಒಂದೇ ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದು ಉಸಿರಿಗೆ ಒಂದು ಸಾಲಿನಂತೆ ಅಚ್ಚು ಹಾಕಿಸಿ. ಫೋನ್ ನೋಡಿ ಓದಲು ನಿಂತರೆ ಮಕ್ಕಳ ಉತ್ತರಕ್ಕೆ ಕಾಯುವಷ್ಟರಲ್ಲಿ ತೆರೆ ಕಪ್ಪಾಗಿರುತ್ತದೆ.

ಬೇರೆ ಊರಿನವರಿಗೆ ಬದಲಾಯಿಸಬೇಕಾದ್ದು ಎರಡೇ ಜಾಗ. ಈಸರ್ ಇದ್ದಲ್ಲಿ ನಿಮ್ಮ ಊರಿನ ನೀರು ಬರಲಿ, ಪುಣೆಗೆ ಮುಠಾ, ಹೈದರಾಬಾದಿಗೆ ಮೂಸಿ, ದಿಲ್ಲಿಗೆ ಯಮುನೆ. "ಯಾ" ಇದ್ದಲ್ಲಿ ನಿಮ್ಮ ನೆರೆಮನೆಯವರು ಬಾಗಿಲಲ್ಲಿ ನಿಂತು ಕರೆಯುವ ಮಾತು ಬರಲಿ. ಗೋದಾವರಿಯ ಸಾಲನ್ನು ಮಾತ್ರ ಆ ಕಡೆ ಬೆಳೆದವರಿಗೇ ಬಿಡಿ. ನಿಮ್ಮ ಸಂಘದಲ್ಲಿ ನಾಶಿಕದವರೋ ಪೈಠಣದವರೋ ಇದ್ದರೆ ಈ ಸಲದ ಸ್ವಾಗತಕ್ಕೆ ಅವರನ್ನೇ ನಿಲ್ಲಿಸಿ. ಕನ್ನಡ ಓದಲು ಬರುವುದಿಲ್ಲ ಎಂದು ಅವರು ಹಿಂಜರಿದರೆ ಅಡಿಗೆರೆಯ ಉಪಾಯ ಹೇಳಿಕೊಡಿ.